ಸಂದರ್ಶನದ ಹೊತ್ತು, ಕಚೇರಿಯ ಹೊತ್ತು

ಕೆಲಸದಲ್ಲಿದ್ದುಕೊಂಡೇ ಬೇರೆ ಕೆಲಸ ಹುಡುಕುವವರಿಗೆ ಬರುವ ಸಂದರ್ಶನದ ಕರೆ ಸಾಮಾನ್ಯವಾಗಿ ಕಚೇರಿಯ ವೇಳೆಯಲ್ಲೇ ಇರುತ್ತದೆ. ಬೆಂಗಳೂರಿನ ಕಂಪನಿಯೊಂದರ ನೇಮಕಾತಿ ವಿಭಾಗದಿಂದ ಸೋಮವಾರ ಮಧ್ಯಾಹ್ನ ಮಿಂಚಂಚೆ ಬರುತ್ತದೆ: 'ಬುಧವಾರ ಬೆಳಿಗ್ಗೆ 11:30ಕ್ಕೆ ಟೀಮ್ಸ್ ಮೂಲಕ 45 ನಿಮಿಷದ ಸಂದರ್ಶನ, ದಯವಿಟ್ಟು ಖಚಿತಪಡಿಸಿ.' ಅದೇ ಹೊತ್ತಿಗೆ ಅಭ್ಯರ್ಥಿ ಈಗಿನ ಕಚೇರಿಯಲ್ಲಿ ಮ್ಯಾನೇಜರ್ ಎದುರು ಕೂತಿರಬೇಕು. ಈ ಮಿಂಚಂಚೆಗೆ ಬರೆಯುವ ಉತ್ತರ ಐದಾರು ಸಾಲು ಮೀರುವುದಿಲ್ಲ. ಆದರೆ ಆ ಸಾಲುಗಳಿಂದ ಎರಡು ಕೆಲಸ ಆಗಬೇಕು: ಬೇರೆ ವೇಳೆ ಸಿಗಬೇಕು, ಮತ್ತು ಹುಡುಕಾಟದ ಸುದ್ದಿ ಈಗಿನ ಕಚೇರಿಗೆ ಮುಟ್ಟಬಾರದು.

11:30 ಎಂಬ ವೇಳೆ ಎಲ್ಲಿಂದ ಬಂತು ಎಂಬುದು ತಿಳಿದರೆ ಉತ್ತರ ಬರೆಯುವುದು ಸುಲಭ. ಮಿಂಚಂಚೆ ಕಳಿಸಿದವರು ಸಂದರ್ಶನ ಮಾಡುವವರಲ್ಲ. ಸಂದರ್ಶನ ಮಾಡುವ 'ಪ್ಯಾನೆಲ್' ಬೇರೆ ವಿಭಾಗದ್ದು. ಅದರ ಸದಸ್ಯರು ತಮ್ಮ ದಿನದ ಕೆಲಸದ ನಡುವೆ ಇಂತಿಷ್ಟು ಹೊತ್ತು ಬಿಡುವು ಎಂದು ಮೊದಲೇ ತಿಳಿಸಿರುತ್ತಾರೆ. ನೇಮಕಾತಿಯವರು ಹತ್ತಾರು ಅಭ್ಯರ್ಥಿಗಳನ್ನು ಆ ಖಾಲಿ ಜಾಗಗಳಲ್ಲಿ ಕೂರಿಸುತ್ತಾ ಹೋಗುತ್ತಾರೆ. ಹಾಗಾಗಿ 11:30 ಎನ್ನುವುದು ಹಟವೂ ಅಲ್ಲ, ಪರೀಕ್ಷೆಯೂ ಅಲ್ಲ. ಹೆಚ್ಚಿನ ಸಲ ಕ್ಯಾಲೆಂಡರಿನಲ್ಲಿ ಖಾಲಿ ಕಂಡ ಮೊದಲ ಚೌಕ. ಅಭ್ಯರ್ಥಿ ಕೆಲಸದಲ್ಲಿರುವುದು ಅವರಿಗೆ ಗೊತ್ತೇ ಇದೆ, ರೆಸ್ಯೂಮೆಯಲ್ಲೇ ಬರೆದಿರುತ್ತದೆ. ವೇಳೆ ಬದಲಿಸಿ ಎಂದು ಕೇಳುವುದು ಅವರ ದಿನನಿತ್ಯದ ವ್ಯವಹಾರ. ಕೇಳಿದ್ದಕ್ಕೆ ಯಾರೂ ಅಭ್ಯರ್ಥಿಯನ್ನು ಕೈಬಿಡುವುದಿಲ್ಲ. ಕೈಬಿಡುವ ಯೋಚನೆ ಬರುವುದು ಉತ್ತರ ತಡವಾದಾಗ, ಇಲ್ಲವೇ ಒಪ್ಪಿಕೊಂಡು ಒಂದು ಗಂಟೆ ಮುಂಚೆ 'ಆಗುವುದಿಲ್ಲ' ಎಂದಾಗ. ಪ್ಯಾನೆಲ್‌ನ ಹಿರಿಯರೊಬ್ಬರು ಖಾಲಿ ಪರದೆಯ ಎದುರು ಕಾಯುವಂತಾದರೆ ಅದರ ಬಿಸಿ ತಟ್ಟುವುದು ನೇಮಕಾತಿಯವರಿಗೆ.

ಆದ್ದರಿಂದ ಉತ್ತರ ಅದೇ ದಿನ ಹೋಗಬೇಕು. ಸೋಮವಾರ ಮಧ್ಯಾಹ್ನ ಬಂದ ಕರೆಗೆ ಸೋಮವಾರ ಸಂಜೆಯೊಳಗೆ ಉತ್ತರ ಬಂದರೆ ಬುಧವಾರದ ಆ ಜಾಗವನ್ನು ಇನ್ನೊಬ್ಬರಿಗೆ ಕೊಡಲು ಮಂಗಳವಾರ ಇಡೀ ದಿನ ಸಿಗುತ್ತದೆ. ಆಗ ಅಭ್ಯರ್ಥಿಗೆ ಬೇರೆ ವೇಳೆ ಹುಡುಕುವುದು ಅವರಿಗೂ ಹೊರೆಯಲ್ಲ.

ಉತ್ತರ ಬರೆಯುವ ಮೊದಲು ಅಭ್ಯರ್ಥಿ ತನ್ನ ದಿನದ ಲೆಕ್ಕ ಹಾಕಿಕೊಳ್ಳಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. 'ಸಂಜೆ 6ರ ನಂತರ ಯಾವಾಗ ಬೇಕಾದರೂ' ಎಂದು ಬರೆದುಬಿಡುತ್ತಾರೆ, 6:30ಕ್ಕೆ ಕರೆ ಬಂದಾಗ ಮೆಟ್ರೋದಲ್ಲಿ ನಿಂತಿರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ವೈಟ್‌ಫೀಲ್ಡ್‌ನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರೊಬ್ಬರ ಮನೆ ವಿಜಯನಗರದಲ್ಲಿದೆ. ಕಚೇರಿ ಬೆಳಿಗ್ಗೆ 9:30ರಿಂದ ಸಂಜೆ 6:30ರವರೆಗೆ. ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದುಕೊಂಡ ಮೇಲೆ ಎರಡು ಊರಿನಷ್ಟು ದೂರದ ಈ ಬಡಾವಣೆಗಳ ನಡುವೆ ಒಂದೇ ರೈಲು ಸಾಕು. ಆದರೂ ಮನೆಯಿಂದ ನಿಲ್ದಾಣ, ನಿಲ್ದಾಣದಿಂದ ಕಚೇರಿ ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯಿರಿ. ಬೆಳಿಗ್ಗೆ 8ಕ್ಕೆ ಮನೆ ಬಿಡಬೇಕು, ರಾತ್ರಿ 8ಕ್ಕೆ ಮನೆ ಸೇರಬೇಕು. ಅಂದರೆ ಕಚೇರಿಗೆ ಹೋಗುವ ದಿನ ಶಾಂತವಾಗಿ ಕೂತು ಮಾತನಾಡಬಲ್ಲ ವೇಳೆ ರಾತ್ರಿ 8:30. ಬೆಳಿಗ್ಗೆಯದು 7 ಗಂಟೆ; ಆ ಹೊತ್ತಿಗೆ ಪ್ಯಾನೆಲ್ ಸಿಗುವುದು ಅಪರೂಪ. ಶುಕ್ರವಾರ ಅವರಿಗೆ ಮನೆಯಿಂದ ಕೆಲಸ. ಆ ದಿನ ಪ್ರಯಾಣವಿಲ್ಲದ್ದರಿಂದ 8:30ರಿಂದ 9:15ರವರೆಗೆ ಪೂರ್ತಿ ಬಿಡುವು. ಶನಿವಾರ ರಜೆ. ಮೇಲಾಗಿ ಇದು ಮಾರ್ಚ್ ತಿಂಗಳು. ಲೆಕ್ಕಪತ್ರ ವಿಭಾಗದಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿ. ರಜೆ ಕೇಳಿದರೆ 'ಏಪ್ರಿಲ್‌ನಲ್ಲಿ ನೋಡೋಣ' ಎಂಬ ಉತ್ತರ ಖಚಿತ. ಹಾಗಾಗಿ ಬುಧವಾರದ ರಜೆ ಎಂಬ ದಾರಿ ಮುಚ್ಚಿದೆ.

ಈ ಲೆಕ್ಕದಿಂದ ಮೂರು ವೇಳೆಗಳು ಹೊರಬಿದ್ದವು: ಒಂದು ರಾತ್ರಿಯದು, ಒಂದು ಬೆಳಗಿನದು, ಒಂದು ರಜೆಯ ದಿನದ್ದು. ಮೂರೂ ಬೇರೆ ಬೇರೆ ಬಗೆಯವು ಎಂಬುದು ಮುಖ್ಯ. ಸೋಮವಾರ, ಮಂಗಳವಾರ, ಬುಧವಾರ ಮೂರೂ ದಿನ ರಾತ್ರಿ 8:30 ಎಂದು ಬರೆದರೆ ಅದು ಮೂರು ಆಯ್ಕೆಯಂತೆ ಕಂಡರೂ ನಿಜಕ್ಕೂ ಒಂದೇ. ರಾತ್ರಿ ಕೂರದ ಪ್ಯಾನೆಲ್‌ಗೆ ಮೂರೂ ಉಪಯೋಗವಿಲ್ಲ.

ಇಂಥ ಪತ್ರಗಳು ನಮ್ಮಲ್ಲಿ ಇಂಗ್ಲಿಷಿನಲ್ಲೇ ಹೋಗುತ್ತವೆ. ಒಕ್ಕಣೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ:

> ವಿಷಯ: ಮಾರ್ಚ್ 11ರ ಸಂದರ್ಶನ, ಬೇರೆ ವೇಳೆಗೆ ಕೋರಿಕೆ
>
> ನಮಸ್ಕಾರ,
>
> ಸೀನಿಯರ್ ಅಕೌಂಟೆಂಟ್ ಹುದ್ದೆಯ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ. ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. ಬುಧವಾರ 11:30 ನನ್ನ ಈಗಿನ ಕೆಲಸದ ವೇಳೆಯಾದ್ದರಿಂದ ಆಗ ಮಾತನಾಡಲು ಸಾಧ್ಯವಾಗುತ್ತಿಲ್ಲ. ಈ ಕೆಳಗಿನ ಯಾವುದಾದರೂ ವೇಳೆ ಪ್ಯಾನೆಲ್‌ಗೆ ಹೊಂದುತ್ತದೆಯೇ ನೋಡುವಿರಾ?
>
> ಮಾರ್ಚ್ 11, ಬುಧವಾರ, ರಾತ್ರಿ 8:30ರಿಂದ
> ಮಾರ್ಚ್ 13, ಶುಕ್ರವಾರ, ಬೆಳಿಗ್ಗೆ 8:30ರಿಂದ 9:15
> ಮಾರ್ಚ್ 14, ಶನಿವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರ ನಡುವೆ ಯಾವಾಗಲಾದರೂ
>
> ನಾನು ಕೆಲಸ ಹುಡುಕುತ್ತಿರುವುದು ಈಗಿನ ಕಚೇರಿಗೆ ಗೊತ್ತಿಲ್ಲ. ಹಾಗಾಗಿ ಈ ಮಿಂಚಂಚೆ ಅಥವಾ ಕೆಳಗಿನ ಮೊಬೈಲ್ ಸಂಖ್ಯೆಯಲ್ಲೇ ಸಂಪರ್ಕಿಸಬೇಕಾಗಿ ಕೋರಿಕೆ. ಹಗಲಿನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೆ ಬಿಡುವಾದ ಕೂಡಲೇ ನಾನೇ ಕರೆ ಮಾಡುತ್ತೇನೆ.
>
> ವಂದನೆಗಳೊಂದಿಗೆ

ಈ ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಈಗಿನ ಕಂಪನಿಯ ಹೆಸರಿಲ್ಲ, ಮ್ಯಾನೇಜರ್ ಎಷ್ಟು ಕಟ್ಟುನಿಟ್ಟು ಎಂಬ ದೂರಿಲ್ಲ, ವರ್ಷಾಂತ್ಯದ ಲೆಕ್ಕದ ಕಥೆಯಿಲ್ಲ. 'ಈಗಿನ ಕೆಲಸದ ವೇಳೆ' ಎಂಬ ಮೂರು ಪದಕ್ಕೆ ಕಾರಣ ಮುಗಿಯಿತು. ಹೆಚ್ಚಿಗೆ ವಿವರಿಸಿದಷ್ಟೂ ಪತ್ರ ಕ್ಷಮಾಪಣೆಯಂತೆ ಕೇಳಿಸುತ್ತದೆ; ಕಚೇರಿಯ ಒಳಗುಟ್ಟನ್ನು ಹೊರಗಿನವರಿಗೆ ಹೇಳುವ ಸ್ವಭಾವದವರು ಎಂಬ ಗುಮಾನಿಯೂ ಬರುತ್ತದೆ. ಕೆಲವರು ವೈದ್ಯರ ಭೇಟಿ, ಬಂಧುಗಳ ಮದುವೆ ಎಂದು ಕಾರಣ ಕಟ್ಟುತ್ತಾರೆ. ಅದರ ಅಗತ್ಯವೇ ಇಲ್ಲ. ಕೆಲಸದ ವೇಳೆ ಎಂಬುದಕ್ಕಿಂತ ಗೌರವದ ಕಾರಣ ನೇಮಕಾತಿಯವರ ಕಣ್ಣಿಗೆ ಬೇರೆ ಇಲ್ಲ. ಈಗಿನ ಕಚೇರಿಯ ಸಮಯ ಕದಿಯದವರು ನಾಳೆ ತಮ್ಮ ಕಚೇರಿಯದನ್ನೂ ಕದಿಯಲಾರರು ಎಂದು ಅವರು ಊಹಿಸಿಕೊಳ್ಳುತ್ತಾರೆ.

ದಿನಾಂಕದ ಜೊತೆ ವಾರವನ್ನೂ ಬರೆದಿರುವುದು ಸುಮ್ಮನೆ ಅಲ್ಲ. 'ಬರುವ ಬುಧವಾರ' ಎಂದರೆ ನಾಡಿದ್ದೋ ಮುಂದಿನ ವಾರದ್ದೋ ಎಂಬ ಗೊಂದಲ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ತಿಂಗಳನ್ನು ಅಂಕಿಯಲ್ಲಿ ಬರೆದರೆ ಇನ್ನೊಂದು ತೊಡಕು: ನಮ್ಮ 11/3 ಅಮೆರಿಕದ ಕಚೇರಿಗೆ ನವೆಂಬರ್ 3. ಪ್ಯಾನೆಲ್ ಹೊರದೇಶದಲ್ಲಿದ್ದರೆ 'ಭಾರತೀಯ ಸಮಯ' ಎಂದೂ ಸೇರಿಸಬೇಕು. ಹಾಗೆ ನೋಡಿದರೆ ಹೊರದೇಶದ ಪ್ಯಾನೆಲ್ ಕೆಲಸದಲ್ಲಿರುವ ಅಭ್ಯರ್ಥಿಗೆ ಅನುಕೂಲವೇ. ಬೇಸಿಗೆಯ ಸಮಯ ಜಾರಿಯಲ್ಲಿರುವಾಗ ನಮ್ಮ ರಾತ್ರಿ 8:30 ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8. ಅಮೆರಿಕ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ ಮಾಡುತ್ತದೆ. ಆ ವಾರಗಳಲ್ಲಿ ಒಂದು ಗಂಟೆ ಮೊದಲೋ ತಡವೋ ಹಾಜರಾಗಿ ಪೇಚಿಗೆ ಸಿಕ್ಕವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ದೇಶದೊಳಗೇ ಇನ್ನೊಂದು ಸಣ್ಣ ಅನುಕೂಲವಿದೆ. ನವೆಂಬರ್ 1 ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ, ಬೇರೆ ಹಲವು ರಾಜ್ಯಗಳ ಕಚೇರಿಗಳಿಗೆ ಅಲ್ಲ. ಅಲ್ಲಿನ ಪ್ಯಾನೆಲ್‌ಗೆ ಆ ದಿನ ವಾರದ ನಡುವೆ ಬಂದರೆ ಹಗಲಿನ ವೇಳೆಯನ್ನೇ ನಿರಾತಂಕವಾಗಿ ಒಪ್ಪಿಕೊಳ್ಳಬಹುದು.

ಪತ್ರದ ಕೊನೆಯ ಭಾಗ ಗುಟ್ಟಿಗೆ ಸಂಬಂಧಿಸಿದ್ದು. 'ಈಗಿನ ಕಚೇರಿಗೆ ಗೊತ್ತಿಲ್ಲ' ಎಂದು ನೇರವಾಗಿ ಬರೆಯಬಹುದೇ ಎಂಬ ಹಿಂಜರಿಕೆ ಹಲವರಿಗೆ. ಬರೆಯಬೇಕು. ಬರೆಯದೆ ಇದ್ದರೆ ನೇಮಕಾತಿಯವರಿಗೆ ಅದು ಹೊಳೆಯದೆ ಹೋಗಬಹುದು. ನೇರ ಕಂಪನಿಯ ಬದಲು ಕನ್ಸಲ್ಟೆನ್ಸಿ ಮೂಲಕ ಬಂದ ಕರೆಯಾದರೆ ಇನ್ನೊಂದು ಸಾಲು ಬೇಕು: 'ನನ್ನನ್ನು ಕೇಳದೆ ರೆಸ್ಯೂಮೆಯನ್ನು ಬೇರೆ ಯಾವ ಕಂಪನಿಗೂ ಕಳಿಸಬೇಡಿ.' ಕನ್ಸಲ್ಟೆನ್ಸಿಗಳು ಒಂದೇ ರೆಸ್ಯೂಮೆಯನ್ನು ನಾಲ್ಕಾರು ಗ್ರಾಹಕರಿಗೆ ಕಳಿಸುವುದುಂಟು. ಆ ನಾಲ್ಕರಲ್ಲಿ ಒಂದು ಅಭ್ಯರ್ಥಿ ಈಗ ಕೆಲಸ ಮಾಡುತ್ತಿರುವ ಕಂಪನಿಯೇ ಆಗಿರುವ ಸಾಧ್ಯತೆ ದೊಡ್ಡ ಊರಿನಲ್ಲೂ ಇದ್ದೇ ಇದೆ.

ಆದರೆ ಸುದ್ದಿ ಸೋರುವುದು ಪತ್ರದ ಮಾತಿನಿಂದಲ್ಲ, ಹೆಚ್ಚಾಗಿ ಯಂತ್ರಗಳಿಂದ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಸ್ವಂತ ಜಿಮೇಲ್ ತೆರೆದು ಉತ್ತರಿಸುವುದು ಮೊದಲ ತಪ್ಪು. ಆ ಯಂತ್ರ ಕಂಪನಿಯದು, ಅದರಲ್ಲಿ ನಡೆಯುವುದನ್ನು ನೋಡುವ ತಂತ್ರಾಂಶವನ್ನು ಕಂಪನಿ ಹಾಕಿರಬಹುದು. ಕಚೇರಿಯ ವೈಫೈಗೂ ಅದೇ ಮಾತು. ಎರಡನೆಯದು ಕ್ಯಾಲೆಂಡರ್ ಆಹ್ವಾನ. ನೇಮಕಾತಿಯವರು ಕಳಿಸುವ ಆಹ್ವಾನಕ್ಕೆ ಸಾಮಾನ್ಯವಾಗಿ 'ಸಂದರ್ಶನ: ಇಂಥ ಹುದ್ದೆ, ಇಂಥವರು' ಎಂಬ ಶೀರ್ಷಿಕೆ ಇರುತ್ತದೆ. ಅದು ಕಚೇರಿಯ ವಿಳಾಸಕ್ಕೆ ಬಂದರೆ, ಅಥವಾ ಅಲ್ಲಿಗೆ ನಕಲಾದರೆ, ಕ್ಯಾಲೆಂಡರಿನ ಹಂಚಿಕೆ ಹೇಗಿದೆ ಎಂಬುದರ ಮೇಲೆ ಸಹೋದ್ಯೋಗಿಗಳಿಗೂ ಕಾಣಿಸಬಹುದು. ಪರದೆ ಹಂಚಿಕೊಂಡು ಲೆಕ್ಕ ತೋರಿಸುತ್ತಿರುವಾಗ ಮೂಲೆಯಲ್ಲಿ 'ಇನ್ನು 15 ನಿಮಿಷದಲ್ಲಿ ಸಂದರ್ಶನ' ಎಂಬ ನೆನಪೋಲೆ ಮೂಡಿದರೆ ಮತ್ತೆ ಹೇಳುವುದಕ್ಕೇನೂ ಉಳಿಯುವುದಿಲ್ಲ.

ಮೂರನೆಯದು ಟೀಮ್ಸ್. ಕಚೇರಿಯ ಟೀಮ್ಸ್ ಖಾತೆಯಿಂದಲೇ ಸಂದರ್ಶನದ ಕೊಂಡಿ ತೆರೆದರೆ ಎದುರಿನವರಿಗೆ ಹೆಸರಿನ ಜೊತೆ ಕಚೇರಿಯ ಗುರುತೂ ಹೋಗುತ್ತದೆ, ಈ ಕಡೆ ತಂಡದವರಿಗೆ 'ಕರೆಯಲ್ಲಿದ್ದಾರೆ' ಎಂಬ ಕೆಂಪು ಚುಕ್ಕೆ ಕಾಣುತ್ತದೆ. ಸ್ವಂತ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅತಿಥಿಯಾಗಿ ಸೇರಿಕೊಂಡರೆ ಈ ತೊಂದರೆಯಿಲ್ಲ. ಫೋನಿನಲ್ಲಿ ಕಚೇರಿಯ ಖಾತೆಯೂ ಸ್ವಂತ ಖಾತೆಯೂ ಒಟ್ಟಿಗೆ ಇದ್ದರೆ ಯಾವುದರಿಂದ ಸೇರುತ್ತಿದ್ದೇವೆ ಎಂದು ನೋಡಿಕೊಂಡೇ ಒತ್ತಬೇಕು.

ಇನ್ನು ಫೋನ್ ಕರೆ. ಮಿಂಚಂಚೆಗೆ ಮೊದಲೇ ನೇಮಕಾತಿಯವರು ನೇರ ಕರೆ ಮಾಡುವುದೂ ಉಂಟು. ಮೇಜಿನ ಮೇಲಿಟ್ಟ ಫೋನಿನಲ್ಲಿ ಟ್ರೂಕಾಲರ್ ಕಂಪನಿಯ ಹೆಸರಿನ ಪಕ್ಕ 'ಎಚ್‌ಆರ್' ಎಂದು ದೊಡ್ಡಕ್ಷರದಲ್ಲಿ ತೋರಿಸುತ್ತದೆ. ಕೆಲಸ ಹುಡುಕುವ ದಿನಗಳಲ್ಲಿ ಫೋನನ್ನು ಮಗುಚಿ ಇಡುವುದು ಒಳ್ಳೆಯದು. ಕರೆ ಎತ್ತಿದರೆ ಅಲ್ಲೇ ಪಿಸುಗುಟ್ಟುತ್ತಾ ಮೆಟ್ಟಿಲ ಕಡೆ ಓಡಬೇಕಿಲ್ಲ. ಓಡಿದವರನ್ನು ಇಡೀ ವಿಭಾಗ ನೋಡುತ್ತದೆ. 'ಸರ್, ಈಗ ಆಫೀಸಲ್ಲಿದ್ದೀನಿ, ಊಟದ ಹೊತ್ತಿಗೆ ನಾನೇ ಕಾಲ್ ಮಾಡ್ತೀನಿ' ಎಂದು ಮಾಮೂಲಿ ದನಿಯಲ್ಲಿ ಹೇಳಿದರೆ ಬ್ಯಾಂಕಿನ ಕರೆಯಂತೆ ಕೇಳಿಸುತ್ತದೆ. ಕೊಟ್ಟ ಮಾತಿನಂತೆ ಕರೆ ಮಾಡಬೇಕು, ಅಷ್ಟೆ.

ಮತ್ತೆ ಉದಾಹರಣೆಗೆ ಬರೋಣ. ಮಂಗಳವಾರ ಬೆಳಿಗ್ಗೆ ಉತ್ತರ ಬಂತು: ರಾತ್ರಿ ಪ್ಯಾನೆಲ್ ಕೂರುವುದಿಲ್ಲ, ಶನಿವಾರ ಅವರಿಗೂ ರಜೆ, ಶುಕ್ರವಾರ 8:30 ಬೇಗವಾಯಿತು, 9ಕ್ಕೆ ಆಗಬಹುದೇ? 45 ನಿಮಿಷದ ಸಂದರ್ಶನ 9ಕ್ಕೆ ಶುರುವಾದರೆ 9:45ಕ್ಕೆ ಮುಗಿಯುತ್ತದೆ, ಕಚೇರಿಯ ಲಾಗಿನ್ 9:30ಕ್ಕೆ. ಹದಿನೈದು ನಿಮಿಷದ ಕೊರತೆ. ಇಲ್ಲಿ ಎರಡನೆಯ ಸಲ 'ಆಗುವುದಿಲ್ಲ' ಎಂದು ಬರೆಯುವುದು ಜಾಣತನವಲ್ಲ. ಒಮ್ಮೆ ಅವರು ಬಗ್ಗಿದ್ದಾರೆ, ಈಗ ಅಭ್ಯರ್ಥಿಯ ಸರದಿ. ನಮ್ಮ ಕಚೇರಿಗಳಲ್ಲಿ 'ಪರ್ಮಿಷನ್' ಎಂಬ ಹೆಸರಿನ ಒಂದು ಗಂಟೆಯ ಚಿಕ್ಕ ರಜೆ ಇರುವುದು ಇಂಥ ಹೊತ್ತಿಗೇ. ಮಂಗಳವಾರವೇ ಮ್ಯಾನೇಜರ್‌ಗೆ 'ಶುಕ್ರವಾರ ಸ್ವಂತ ಕೆಲಸವಿದೆ, 10ಕ್ಕೆ ಲಾಗಿನ್ ಆಗುತ್ತೇನೆ' ಎಂದರೆ ಮಾರ್ಚ್ ತಿಂಗಳಲ್ಲೂ ಅರ್ಧ ಗಂಟೆಗೆ ಯಾರೂ ತಕರಾರು ತೆಗೆಯುವುದಿಲ್ಲ. ಅದು ಸುಳ್ಳೂ ಅಲ್ಲ. ಅಜ್ಜಿಗೆ ಮೂರನೆಯ ಸಲ ಹುಷಾರು ತಪ್ಪಿಸುವುದು, ಕಾಯಿಲೆಯ ರಜೆ ಹಾಕಿ ಮರುದಿನ ಲವಲವಿಕೆಯಿಂದ ಬರುವುದು ಮುಂದೆ ಒಂದು ದಿನ ತಿರುಗಿ ಬರುವ ಸಾಲ.

ನೇಮಕಾತಿಯವರಿಗೆ ಹೋಗುವ ಎರಡನೆಯ ಉತ್ತರ ಇನ್ನೂ ಚಿಕ್ಕದು: 'ಮಾರ್ಚ್ 13, ಶುಕ್ರವಾರ, ಬೆಳಿಗ್ಗೆ 9 ಒಪ್ಪಿಗೆ. 9:45ಕ್ಕೆ ನಾನು ಕೆಲಸಕ್ಕೆ ಹಾಜರಾಗಬೇಕಿರುವುದರಿಂದ ಸಮಯಕ್ಕೆ ಸರಿಯಾಗಿ ಶುರುವಾದರೆ ಉಪಕಾರ.' ಎರಡನೆಯ ವಾಕ್ಯ ಕೆಲವರಿಗೆ ಉದ್ಧಟತನವೆನಿಸಬಹುದು. ಆದರೆ ಪ್ಯಾನೆಲ್ ಹತ್ತು ನಿಮಿಷ ತಡವಾಗಿ ಬರುವುದು, 45 ನಿಮಿಷ ಒಂದು ಗಂಟೆಗೆ ಹಿಗ್ಗುವುದು ಎಲ್ಲೆಡೆ ಇರುವ ಸಂಗತಿ. ನಡುವೆ ಎದ್ದು ಹೋಗುವುದಕ್ಕಿಂತ ಮೊದಲೇ ಹೇಳುವುದು ಮೇಲು. 10ರವರೆಗೆ ಬಿಡುವು ಪಡೆದು 9:45 ಎಂದು ಹೇಳಿರುವುದು ಬೇಕೆಂದೇ ಉಳಿಸಿಕೊಂಡ ಹದಿನೈದು ನಿಮಿಷ.

ಮೊದಲ ಸುತ್ತು ಹೀಗೆ ಮುಗಿಯಬಹುದು. ನೇಮಕಾತಿ ಮಾತ್ರ ಒಂದೇ ಸುತ್ತಿನಲ್ಲಿ ಮುಗಿಯುವುದು ಕಡಿಮೆ. ಕೆಲಸ ಬಲ್ಲವರ ಸುತ್ತು, ವಿಭಾಗದ ಮುಖ್ಯಸ್ಥರ ಸುತ್ತು, ಕೊನೆಗೆ ಸಂಬಳದ ಮಾತು ಎಂದು ಮೂರು ನಾಲ್ಕು ಆಗುತ್ತದೆ. ಪ್ರತಿಯೊಂದಕ್ಕೂ ಪರ್ಮಿಷನ್ ಕೇಳುತ್ತಾ ಹೋದರೆ ಮ್ಯಾನೇಜರ್‌ಗೆ ಲೆಕ್ಕ ಕೂಡಿಸುವುದು ಕಷ್ಟವಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಧ್ಯಾಹ್ನ ಮಾಯವಾಗುವವರ ಬಗ್ಗೆ ಯಾವ ಕಚೇರಿಯಲ್ಲೂ ಗುಸುಗುಸು ಶುರುವಾಗುತ್ತದೆ. ಅದಕ್ಕೇ ಮೊದಲ ಸುತ್ತು ದಾಟಿದ ಕೂಡಲೇ ಒಂದು ಕೋರಿಕೆ ಮುಂದಿಡಬೇಕು: 'ಉಳಿದ ಸುತ್ತುಗಳನ್ನು ಒಂದೇ ದಿನ ಇಟ್ಟುಕೊಳ್ಳಲು ಸಾಧ್ಯವೇ? ಆ ದಿನ ರಜೆ ಹಾಕುತ್ತೇನೆ.' ಇದು ಎರಡೂ ಕಡೆಗೆ ಲಾಭ. ಅಭ್ಯರ್ಥಿಗೆ ಒಂದೇ ರಜೆ ಸಾಕು, ನೇಮಕಾತಿಯವರಿಗೆ ಹುದ್ದೆ ಬೇಗ ತುಂಬುತ್ತದೆ. ಇಪ್ಪತ್ತು ನಿಮಿಷದ ಫೋನ್ ಮಾತಿಗೆ ರಜೆ ಖರ್ಚು ಮಾಡದೆ, ಎದುರಾಎದುರು ಕೂರುವ ಸುತ್ತಿಗೆ ಅದನ್ನು ಉಳಿಸಿಕೊಳ್ಳಬೇಕು.

ಕೆಲವೆಡೆ ಎಷ್ಟು ಕೇಳಿದರೂ ವೇಳೆ ಬದಲಾಗುವುದಿಲ್ಲ. ಒಂದೇ ದಿನ ನೂರಾರು ಮಂದಿಯನ್ನು ಕರೆಯುವ 'ಡ್ರೈವ್'ಗಳಲ್ಲಿ, ಸರ್ಕಾರಿ ಹುದ್ದೆಗಳ ಸಂದರ್ಶನದಲ್ಲಿ ಸಡಿಲಿಕೆಗೆ ಜಾಗ ತೀರಾ ಕಡಿಮೆ. ಅಲ್ಲಿ ರಜೆ ಹಾಕಿ ಹೋಗಬೇಕು, ಇಲ್ಲವೇ ಬಿಡಬೇಕು. ಖಾಸಗಿ ಕಂಪನಿ ಹಾಗೆಂದರೆ 'ಅದೇ ದಿನ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಸಾಕಾಗಬಹುದೇ, ಅಥವಾ ಪ್ಯಾನೆಲ್‌ನ ಬೇರೊಬ್ಬರು ಬೇರೆ ದಿನ ಸಿಗಬಹುದೇ' ಎಂದು ಇನ್ನೊಮ್ಮೆ ಮಾತ್ರ ಕೇಳಬಹುದು. ಅದಕ್ಕೂ ಇಲ್ಲವೆಂದರೆ, ಕಾರಣವನ್ನೂ ಹೇಳದಿದ್ದರೆ, ಆ ಕಚೇರಿಯಲ್ಲಿ ನಾಳೆ ರಜೆ ಕೇಳಿದಾಗ ಬರುವ ಉತ್ತರ ಹೇಗಿರಬಹುದು ಎಂದು ಅಭ್ಯರ್ಥಿ ಯೋಚಿಸುವುದು ತಪ್ಪಲ್ಲ.

ಆಯ್ಕೆಯಾದ ಮೇಲೆ ಗುಟ್ಟು ಒಡೆಯುವ ಇನ್ನೊಂದು ಜಾಗವಿದೆ. ಹಿನ್ನೆಲೆ ಪರಿಶೀಲನೆಯ ಅರ್ಜಿಯಲ್ಲಿ 'ಈಗಿನ ಕಂಪನಿಯನ್ನು ಸಂಪರ್ಕಿಸಬಹುದೇ?' ಎಂಬ ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ವೇಳೆ ಹೊಂದಿಸಲು ಅಷ್ಟೆಲ್ಲ ಎಚ್ಚರ ವಹಿಸಿದವರು ಇಲ್ಲಿ ಓದದೆ 'ಹೌದು' ಒತ್ತಿಬಿಟ್ಟ ನಿದರ್ಶನಗಳಿವೆ. ಆಫರ್ ಪತ್ರ ಕೈಗೆ ಬಂದು ರಾಜೀನಾಮೆ ಕೊಡುವವರೆಗೆ ಅದಕ್ಕೆ ಉತ್ತರ 'ಇಲ್ಲ' ಎಂದೇ ಇರಬೇಕು. ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ 60 ಅಥವಾ 90 ದಿನ ಇರುವುದು ಸಾಮಾನ್ಯ. ಅಷ್ಟು ದಿನ ಅದೇ ಮ್ಯಾನೇಜರ್ ಎದುರು ಕೂತು ಕೆಲಸ ಮಾಡಬೇಕಿರುವುದರಿಂದ, ಬಿಟ್ಟುಹೋಗುವ ಸುದ್ದಿ ಮೊದಲು ಮುಟ್ಟಬೇಕಾದದ್ದು ಅವರಿಗೆ, ಅದೂ ಅಭ್ಯರ್ಥಿಯ ಬಾಯಿಂದಲೇ.